ಬಾವಿ ಕೆಡುವುದು ಎಲ್ಲಿಂದ?

(ಊರಿನ ಬಸವ ಮಂಟಪದಲ್ಲಿ ಸೇರಿದ ಗ್ರಾಮಸ್ಥರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತು ನಾವು ಸೇರಿದ್ದು ನಮ್ಮ ಸಿಹಿನೀರಿನ ಬಾವಿಯ ಸಲುವಾಗಿ. ನಳ ಬಂದ ಮೇಲೆ ಬಾವಿಯ ಕಡೆ ನಮ್ಮ ಗಮನ ಕಡಿಮೆಯಾಗಿದೆ. ಆದರೆ ಕರೆಂಟು ಹೋದ ದಿನ, ಪೈಪು ಒಡೆದ ವಾರ, ಜಾತ್ರೆಯ ದಿನ, ಊರಿಗೆಲ್ಲ ಅದೇ ಬಾವಿ. ಈ ಸಲ ಮೊದಲ ದೊಡ್ಡ ಮಳೆ ಬಂದ ಮೂರ್ನಾಲ್ಕು ದಿನಕ್ಕೆ ಎರಡು ಓಣಿಗಳಲ್ಲಿ ವಾಂತಿ ಭೇದಿ ಶುರುವಾಯಿತು. ಮಕ್ಕಳಿಗೆ ಸಲೈನ್ ಹಚ್ಚಬೇಕಾಯಿತು. ದೇವರ ದಯೆ, ಎಲ್ಲರೂ ನಡೆದುಕೊಂಡೇ ಮನೆಗೆ ಬಂದರು.

ಅದರ ಹಿಂದೆಯೇ ಇನ್ನೊಂದು ಮಾತೂ ಊರಲ್ಲಿ ಹರಿದಾಡಿತು. ಬೇಸಿಗೆಯಲ್ಲಿ ಕೆಳಗಿನ ಓಣಿಯ ನಳ ನಿಂತಾಗ ಅಲ್ಲಿಯ ಜನ ಈ ಬಾವಿಗೆ ಬಂದರಲ್ಲ, ಅವರ ಕೊಡ ಇಳಿದ ಮೇಲೆಯೇ ನೀರು ಕೆಟ್ಟಿತು ಎಂಬ ಮಾತು. ಬಸವ ಮಂಟಪದಲ್ಲಿ ಕೂತು ಅದನ್ನು ಕೇಳಿಯೂ ಕೇಳದವರಂತೆ ಇರುವುದು ಸರಿಯಲ್ಲ. ನಾನು ಸರ್ಕಾರದ ಇಂಜಿನಿಯರಾಗಿ ಮೂವತ್ತು ವರ್ಷಕ್ಕೂ ಮೇಲೆ ಕುಡಿಯುವ ನೀರಿನ ಕೆಲಸದಲ್ಲೇ ಇದ್ದವನು. ಯಾರಿಂದ ಕೆಟ್ಟಿತು ಎಂದು ಕೇಳುವ ಮೊದಲು ಎಲ್ಲಿಂದ ಕೆಟ್ಟಿತು ಎಂದು ನೋಡೋಣ ಎಂದೆ. ಹೋದ ವಾರ ನಾವು ಐದು ಜನ ಹೋಗಿ ನೋಡಿದೆವು. ಕಂಡದ್ದನ್ನು ಹಾಗೆಯೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಬಾವಿಗೆ ನೀರು ಹೇಗೆ ಬರುತ್ತದೆ ಎಂಬುದು ಗೊತ್ತಿರಬೇಕು. ಮಳೆ ನೀರು ಮಣ್ಣಿನೊಳಗೆ ಇಂಗಿ, ಕಣಕಣದ ನಡುವೆ ಜಿನುಗುತ್ತ, ನಿಧಾನವಾಗಿ ಕೆಳಗಿಳಿದು ಬಾವಿಯ ತಳದಿಂದಲೂ ಕೆಳಗಿನ ಗೋಡೆಯಿಂದಲೂ ಒಳಗೆ ಬರುತ್ತದೆ. ಈ ದಾರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ರೋಗದ ಸೂಕ್ಷ್ಮಜೀವಿಗಳು ಬಹುಪಾಲು ಮಣ್ಣಿನಲ್ಲಿ ಸಿಕ್ಕಿಕೊಂಡು ಸಾಯುತ್ತವೆ. ಮಣ್ಣೇ ನಮ್ಮ ಸೋಸುವ ಬಟ್ಟೆ. ಆದರೆ ನೀರು ಈ ದಾರಿ ಬಿಟ್ಟು ಅಡ್ಡದಾರಿ ಹಿಡಿದರೆ ಸೋಸುವುದು ತಪ್ಪುತ್ತದೆ. ಬಾವಿ ಕೆಡುವುದು ಹೆಚ್ಚಾಗಿ ಈ ಅಡ್ಡದಾರಿಯಿಂದ. ಅದು ಇರುವುದು ಬಾವಿಯ ತಳದಲ್ಲಲ್ಲ, ಬಾಯಿಯ ಹತ್ತಿರ, ಮೇಲಿನ ಹತ್ತು ಅಡಿಯೊಳಗೆ.

ನಮ್ಮ ಊರು ಎರೆ ಭೂಮಿ. ಬೇಸಿಗೆಯಲ್ಲಿ ಎರೆ ಮಣ್ಣು ಒಣಗಿ ಹೇಗೆ ಬಾಯಿ ಬಿಡುತ್ತದೆ ಎಂಬುದನ್ನು ಒಕ್ಕಲುತನದವರಿಗೆ ನಾನು ಹೇಳಬೇಕಿಲ್ಲ. ಬಾವಿಯ ಸುತ್ತಲಿನ ಮಣ್ಣೂ ಹಾಗೆಯೇ ಕುಗ್ಗಿ, ಕಲ್ಲಿನ ಗೋಡೆಗೂ ಮಣ್ಣಿಗೂ ನಡುವೆ ಸಂದು ಬಿಡುತ್ತದೆ. ಮೇಲೆ ಹಾಕಿದ ಗಚ್ಚು ಅದರ ಜೊತೆಗೆ ಕುಸಿದು ಒಡೆಯುತ್ತದೆ. ಮೊದಲ ದೊಡ್ಡ ಮಳೆ ಬರುವ ಹೊತ್ತಿಗೆ ಮಣ್ಣು ಇನ್ನೂ ಉಬ್ಬಿ ಆ ಸಂದು ಮುಚ್ಚಿಕೊಂಡಿರುವುದಿಲ್ಲ. ನಾಲ್ಕು ತಿಂಗಳು ಕಟ್ಟೆಯ ಸುತ್ತ ಬಿದ್ದ ಸಗಣಿ, ಬಚ್ಚಲು ನೀರು, ಮಕ್ಕಳ ಹೇಲು ಎಲ್ಲವೂ ಆ ಒಂದು ಮಳೆಗೆ ತೊಳೆದು ಸಂದಿನೊಳಗೆ ಇಳಿಯುತ್ತವೆ. ಕಾಯಿಲೆ ಮೊದಲ ಮಳೆಯ ಹಿಂದೆಯೇ ಏಕೆ ಬರುತ್ತದೆ ಎಂಬುದಕ್ಕೆ ಇದೇ ಉತ್ತರ. ಕೆಳಗಿನ ಓಣಿಯ ಜನ ನೀರಿಗೆ ಬಂದದ್ದು ಯುಗಾದಿಯ ಹೊತ್ತಿಗೆ. ಅವರು ಎರಡು ತಿಂಗಳು ನೀರು ಸೇದಿದರೂ ಯಾರಿಗೂ ಏನೂ ಆಗಲಿಲ್ಲ. ಮಳೆ ಬಂದ ವಾರದಲ್ಲೇ ಆಯಿತು. ಈ ಲೆಕ್ಕವನ್ನು ನೀವೇ ಮನಸ್ಸಿನಲ್ಲಿ ಹಾಕಿ ನೋಡಿ.

ನಾವು ಮಾಡಿದ ಪರೀಕ್ಷೆ ಬಹಳ ಸರಳ. ಮಳೆ ಬಿಟ್ಟು ಗೋಡೆ ಒಣಗಿದ್ದ ದಿನ ನೆತ್ತಿಯ ಮೇಲೆ ಸೂರ್ಯ ಬಂದಾಗ, ಒಬ್ಬ ಹುಡುಗ ಕನ್ನಡಿ ಹಿಡಿದು ಬಿಸಿಲನ್ನು ಬಾವಿಯ ಒಳಗೋಡೆಗೆ ಬಿಟ್ಟ. ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಬೆರಳು ಹೋಗುವಷ್ಟು ಬಿರುಕು ಇದೆ. ಅದರಲ್ಲಿ ಒಂದೊಂದೇ ಕೊಡ ಶುದ್ಧ ನೀರು ಸುರಿದೆವು. ಎರಡು ಕೊಡ ಹೋದವು, ಏನೂ ಕಾಣಲಿಲ್ಲ. ಮೂರನೆಯ ಕೊಡ ಮುಗಿಯುವಷ್ಟರಲ್ಲಿ ಮೇಲಿನಿಂದ ನಾಲ್ಕನೆಯ ಕಲ್ಲಿನ ಸಾಲಿನ ಸಂದಿನಲ್ಲಿ ಒದ್ದೆ ಕಾಣಿಸಿತು, ಆಮೇಲೆ ನೀರು ದಾರವಾಗಿ ಗೋಡೆಗುಂಟ ಇಳಿಯಿತು. ಸುರಿದದ್ದಕ್ಕೂ ಇಳಿದದ್ದಕ್ಕೂ ನಡುವೆ ಹತ್ತು ನಿಮಿಷವೂ ಆಗಿರಲಿಲ್ಲ. ತಿಂಗಳುಗಟ್ಟಲೆ ಹಿಡಿಯಬೇಕಾದ ದಾರಿ ಹತ್ತು ನಿಮಿಷಕ್ಕೆ ಮುಗಿಯಿತು. ಆ ಕಲ್ಲಿನ ಮೇಲೆ ನಾವು ದಿನಾ ಒಗೆಯುವುದರಲ್ಲಿ ಮಕ್ಕಳ ಬಟ್ಟೆಯೂ ಇರುತ್ತದೆ, ಕಾಯಿಲೆಯವರ ಹಾಸಿಗೆಯೂ ಇರುತ್ತದೆ. ಅಂದು ಸಂಜೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದೆವು.

ನೀರಿನ ಪರೀಕ್ಷೆಗೆ ಒಂದು ಚಿಕ್ಕ ಬಾಟಲಿ ಬರುತ್ತದೆ. ಒಳಗೆ ಔಷಧ ಹಚ್ಚಿದ ಕಾಗದದ ಪಟ್ಟಿ ಇರುತ್ತದೆ. ಗುರುತಿನ ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಮಲದಿಂದ ಕೆಟ್ಟ ನೀರಾಗಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಪಂಚಾಯಿತಿಯ ಪರೀಕ್ಷಾ ಪೆಟ್ಟಿಗೆಯಲ್ಲಿ ಇಂಥ ಬಾಟಲಿ ಇರುತ್ತದೆ, ಕೇಳಿ ಪಡೆಯಬೇಕು. ಪೌಡರ್ ಹಾಕುವ ಮೊದಲೇ ನಾವು ಎರಡು ಸಲ ನೀರು ಹಿಡಿದಿದ್ದೆವು. ಮಳೆ ಇಲ್ಲದೆ ಎಂಟು ದಿನ ಕಳೆದಾಗ ಹಿಡಿದ ನೀರು ಎರಡು ದಿನವಾದರೂ ಬಣ್ಣ ಬದಲಿಸಲಿಲ್ಲ. ಮಳೆ ಬಂದ ಮರುದಿನ ಬೆಳಿಗ್ಗೆ ಹಿಡಿದದ್ದು ರಾತ್ರಿ ಕಳೆಯುವಷ್ಟರಲ್ಲಿ ಕಪ್ಪಾಯಿತು. ಆದ್ದರಿಂದ ಬಾವಿ ನೀರನ್ನು ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ ಚೆನ್ನಾಗಿದೆ ಎಂದು ಸುಮ್ಮನಾಗಬಾರದು. ಪರೀಕ್ಷೆ ಮಾಡಬೇಕಾದದ್ದು ಮಳೆಯ ಮರುದಿನ.

ಇದು ಒಂದು ದಾರಿ. ಎರಡನೆಯ ದಾರಿ ನಾವೇ ಕೈಯಾರೆ ಇಳಿಬಿಡುವುದು. ಒಂದು ದಿನ ಬೆಳಿಗ್ಗೆ ಆರರಿಂದ ಏಳರವರೆಗೆ ನಾನು ಕಟ್ಟೆಯ ಹತ್ತಿರ ಕೂತು ಎಣಿಸಿದೆ. ಮೂವತ್ತೆರಡು ಕೊಡ, ಬಕೆಟ್ ಬಾವಿಗೆ ಇಳಿದವು, ಪ್ರತಿಯೊಂದಕ್ಕೂ ಅದರದೇ ಹಗ್ಗ. ಬಕೆಟ್ಟು ಮನೆಯಲ್ಲಿ ಎಲ್ಲಿ ಇರುತ್ತದೆ? ಬಚ್ಚಲಲ್ಲಿ, ಇಲ್ಲವೇ ದನದ ಕೊಟ್ಟಿಗೆಯ ಬಾಗಿಲಲ್ಲಿ. ಹಗ್ಗ ಸೇದುವಾಗ ಎಲ್ಲಿ ಬೀಳುತ್ತದೆ? ನಾವು ಕಾಲಿಟ್ಟು ನಿಂತ ಕಟ್ಟೆಯ ಮೇಲೆ. ಅದೇ ಹಗ್ಗ, ಅದೇ ಬಕೆಟ್ಟಿನ ತಳ ನೀರಿಗೆ ಇಳಿಯುತ್ತದೆ. ಮೂವತ್ತೆರಡು ಅಂಗಳದ ಕೊಳೆ ಒಂದು ಬಾವಿಯಲ್ಲಿ ಅದ್ದಿದಂತಾಯಿತು.

ಪ್ರತಿ ಮನೆಯೂ ತನ್ನದೇ ಕೊಡ, ತನ್ನದೇ ಹಗ್ಗ ಏಕೆ ತರುತ್ತದೆ? ಇನ್ನೊಬ್ಬರು ಮುಟ್ಟಿದ್ದು ಬೇಡ ಎಂದು. ಬೇರೆ ಬೇರೆ ಕೊಡ ಎಂದರೆ ಶುಚಿ, ಎಲ್ಲರ ಕೈಯ ಒಂದೇ ಕೊಡ ಎಂದರೆ ಮೈಲಿಗೆ ಎಂದು ತಿಳಿದಿದ್ದೇವೆ. ನೀರಿನ ಶಾಸ್ತ್ರ ಹೇಳುವುದು ಇದರ ತಲೆಕೆಳಗು. ಗಡಗಡಿಗೆ ಕಟ್ಟಿದ ಒಂದೇ ಬಕೆಟ್ಟು, ಒಂದೇ ಹಗ್ಗ, ಅದು ನೆಲಕ್ಕೆ ತಾಗದೆ ಕೊಕ್ಕೆಗೆ ನೇತಾಡುತ್ತಿರಬೇಕು, ಊರವರೆಲ್ಲ ಅದರಿಂದಲೇ ಸೇದಿ ತಮ್ಮ ಕೊಡಕ್ಕೆ ಸುರಿದುಕೊಳ್ಳಬೇಕು. ಆಗ ಯಾರ ಅಂಗಳದ ಕೊಳೆಯೂ ಬಾವಿಗೆ ಇಳಿಯುವುದಿಲ್ಲ. ಒಬ್ಬರ ಕೈ ಮುಟ್ಟಿದ ಹಗ್ಗವನ್ನು ಇನ್ನೊಬ್ಬರು ಹಿಡಿಯದಿದ್ದರೆ ಈ ಬಾವಿ ಶುದ್ಧವಾಗಿ ಉಳಿಯುವುದಿಲ್ಲ. ಇಲ್ಲಿ ನಮ್ಮ ಧರ್ಮದ ಮಾತೂ ಇಂಜಿನಿಯರನ ಮಾತೂ ಒಂದೇ ಆಗಿವೆ.

ಕಟ್ಟಡ ಬದಲಾದರೆ ರೋಗ ಹೋಗುತ್ತದೆಯೇ ಎಂದು ಕೆಲವರಿಗೆ ಅನುಮಾನ ಇರಬಹುದು. ಹಿರಿಯರಿಗೆ ನಾರುಹುಣ್ಣು ನೆನಪಿದೆ. ಕಾಲಿನಲ್ಲಿ ಬೊಕ್ಕೆ ಎದ್ದು, ಒಡೆದು, ದಾರದಂತೆ ಉದ್ದನೆಯ ಹುಳ ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಅದು ಮನೆಮಾತಾಗಿದ್ದ ರೋಗ. ಅದಕ್ಕೆ ಲಸಿಕೆ ಇರಲಿಲ್ಲ, ವಾಸಿ ಮಾಡುವ ಔಷಧವೂ ಇರಲಿಲ್ಲ. ಹರಡುತ್ತಿದ್ದದ್ದು ಮೆಟ್ಟಿಲು ಬಾವಿಗಳಿಂದ. ಹುಣ್ಣಿದ್ದವರು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟರೆ ಹುಳದ ಮರಿಗಳು ನೀರಿಗೆ ಬೀಳುತ್ತಿದ್ದವು. ನೀರಿನಲ್ಲಿರುವ ಕಣ್ಣಿಗೆ ಕಂಡೂ ಕಾಣದ ಕ್ರಿಮಿ ಅವನ್ನು ನುಂಗುತ್ತಿತ್ತು, ಆ ಕ್ರಿಮಿಯನ್ನು ನಾವು ನೀರಿನ ಜೊತೆ ಕುಡಿಯುತ್ತಿದ್ದೆವು. ಸುಮಾರು ಒಂದು ವರ್ಷಕ್ಕೆ ಹುಳ ಹೊರಬರುತ್ತಿತ್ತು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸಿದರು, ಕೊಳವೆ ಬಾವಿ ಕೊರೆದರು, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದರು, ಕ್ರಿಮಿ ಸಾಯಲು ಬಾವಿಗೆ ಔಷಧ ಬಿಟ್ಟರು. 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2000ದಲ್ಲಿ ಭಾರತಕ್ಕೆ ನಾರುಹುಣ್ಣು ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆ ರೋಗ ಹೋದದ್ದು ಯಾರನ್ನೂ ಬಾವಿಯಿಂದ ದೂರ ಇಟ್ಟದ್ದರಿಂದಲ್ಲ, ಯಾರ ಕಾಲೂ ನೀರಿಗೆ ತಾಗದಂತೆ ಬಾವಿಯನ್ನು ಕಟ್ಟಿದ್ದರಿಂದ.

ಈಗ ನಮ್ಮ ಬಾವಿಗೆ ಏನು ಮಾಡಬೇಕು ಎಂಬುದು. ಅಡ್ಡದಾರಿ ಮುಚ್ಚುವುದೇ ಮುಖ್ಯ ಕೆಲಸ. ಒಳಗಡೆ ಮೇಲಿನಿಂದ ಕನಿಷ್ಠ ಹತ್ತು ಅಡಿ, ಸಾಧ್ಯವಾದರೆ ಇಪ್ಪತ್ತು ಅಡಿ, ಕಲ್ಲಿನ ಸಂದುಗಳನ್ನು ಕೆರೆದು ತೆಗೆದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ತುಂಬಬೇಕು. ಅದರ ಕೆಳಗಿನ ಸಂದುಗಳನ್ನು ಮುಟ್ಟಬಾರದು, ಬಾವಿಗೆ ನೀರು ಬರುವುದೇ ಅಲ್ಲಿಂದ. ಹೊರಗಡೆ ಹಳೆಯ ಗಚ್ಚು ಒಡೆದು, ಗೋಡೆಯ ಸುತ್ತ ಎರಡು ಅಡಿ ಅಗಲ, ಮೂರು ಅಡಿ ಆಳ ಅಗೆದು ಕಾಂಕ್ರೀಟ್ ತುಂಬಬೇಕು. ಇಡೀ ಸುತ್ತು ಒಮ್ಮೆಗೇ ಅಗೆದರೆ ಹಳೆಯ ಕಲ್ಲಿನ ಗೋಡೆಗೆ ಆಸರೆ ತಪ್ಪಿ ಒಳಗೆ ಕುಸಿಯಬಹುದು. ಕಾಲು ಭಾಗ ಅಗೆದು ತುಂಬಿ, ಅದು ಗಟ್ಟಿಯಾದ ಮೇಲೆ ಮುಂದಿನ ಕಾಲು ಭಾಗ ಅಗೆಯಬೇಕು. ತೆಗೆದ ಎರೆ ಮಣ್ಣನ್ನೇ ಮತ್ತೆ ತುಂಬಿ ಮೇಲೆ ಗಚ್ಚು ಎಳೆದರೆ ಮುಂದಿನ ಬೇಸಿಗೆಗೆ ಅದೇ ಬಿರುಕು ಅಲ್ಲೇ ಬರುತ್ತದೆ. ಹಿಂದೆ ಎರಡು ಸಲ ನಮ್ಮ ಕಟ್ಟೆ ರಿಪೇರಿಯಾದರೂ ಒಡೆದದ್ದು ಹೀಗೆಯೇ.

ಅದರ ಮೇಲೆ ಬಾವಿಯ ಸುತ್ತ ಆರು ಅಡಿ ಅಗಲದ ಕಾಂಕ್ರೀಟ್ ಕಟ್ಟೆ. ಆರು ಅಡಿಗೆ ಮೂರು ಇಂಚು ಹೊರಕ್ಕೆ ಇಳಿಜಾರು ಇರಬೇಕು, ಚೆಲ್ಲಿದ ನೀರು ನಿಲ್ಲಬಾರದು. ಕಟ್ಟೆಯ ಅಂಚಿನಲ್ಲಿ ಗಟಾರ ಕಟ್ಟಿ, ನೀರನ್ನು ಬಾವಿಗಿಂತ ತಗ್ಗಿನ ಕಡೆ ಕನಿಷ್ಠ ಐವತ್ತು ಅಡಿ ದೂರ ಒಯ್ಯಬೇಕು. ಅಲ್ಲಿ ಬಾಳೆ ಹಚ್ಚಿದರೆ ನೀರು ವ್ಯರ್ಥವಾಗುವುದಿಲ್ಲ. ಬಟ್ಟೆ ಒಗೆಯುವ ಕಲ್ಲು, ದನ ಮೈ ತೊಳೆಯುವ ಜಾಗ ಎರಡೂ ಅಲ್ಲಿಗೇ ಹೋಗಬೇಕು. ಬಾವಿಯ ತಡೆಗೋಡೆ ಎರಡೂವರೆ ಅಡಿ ಎತ್ತರ ಇದ್ದು, ಅದರ ನೆತ್ತಿ ಹೊರಕ್ಕೆ ವಾಲಿರಬೇಕು. ಈಗಿನಂತೆ ಸಪಾಟಾಗಿದ್ದರೆ ಜನ ಅದರ ಮೇಲೆ ನಿಂತು ಸೇದುತ್ತಾರೆ, ಕಾಲಿನ ಕೆಸರು ನೇರ ನೀರಿಗೆ ಬೀಳುತ್ತದೆ. ಮೇಲೆ ಜಾಲರಿ ಇದ್ದರೆ ಎಲೆ, ಹಕ್ಕಿ, ಪೂಜೆಯ ಹೂವು, ಗಣಪತಿ ಯಾವುದೂ ಒಳಗೆ ಬೀಳುವುದಿಲ್ಲ. ಕೈಪಂಪು ಕೂಡಿಸಿ ಬಾಯಿ ಪೂರ್ತಿ ಮುಚ್ಚುವಷ್ಟು ಹಣ ಸೇರಿದರೆ ಇನ್ನೂ ಒಳ್ಳೆಯದು. ಸೇರದಿದ್ದರೆ ಗಡಗಡಿ, ಒಂದು ಬಕೆಟ್ಟು, ಒಂದು ಕೊಕ್ಕೆ ಸಾಕು. ಕೆಲಸಕ್ಕೆ ಬಾವಿಗೆ ಇಳಿಯುವವರಿಗೆ ಒಂದು ಎಚ್ಚರಿಕೆ. ನೀರೆತ್ತುವ ಪೆಟ್ರೋಲ್, ಡೀಸೆಲ್ ಎಂಜಿನ್ನನ್ನು ಯಾವ ಕಾರಣಕ್ಕೂ ಬಾವಿಯೊಳಗೆ ಇಳಿಸಿ ಓಡಿಸಬೇಡಿ. ಅದರ ಹೊಗೆ ಒಳಗೇ ತುಂಬಿ, ಇಳಿದವರು ಕೂಗಲೂ ಆಗದೆ ಸತ್ತದ್ದು ಎಷ್ಟೋ ಕಡೆ ನಡೆದಿದೆ.

ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಲದೇ, ಇಷ್ಟೆಲ್ಲ ಏಕೆ ಎಂದು ಕೇಳುತ್ತೀರಿ. ಪೌಡರ್ ಬೇಕು, ಆದರೆ ಅದು ಒಂದು ದಿನದ ಕಾವಲುಗಾರ. ಹೊಸ ನೀರು ಬಂದು ಹಳೆಯದನ್ನು ಸೇದಿದಂತೆ ಅದರ ಶಕ್ತಿ ಹೋಗುತ್ತದೆ. ಲೆಕ್ಕವನ್ನು ಎಲ್ಲರೂ ತಿಳಿದಿರಿ. ನಮ್ಮ ಬಾವಿಯ ಅಡ್ಡಳತೆ ಹತ್ತು ಅಡಿ, ಎಂದರೆ ಮೂರು ಮೀಟರ್. ಈಗ ನೀರು ನಾಲ್ಕು ಮೀಟರ್ ಇದೆ. ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಮೂರು ಮೂರಲಿ ಒಂಬತ್ತು, ಒಂಬತ್ತು ನಾಲ್ಕಲಿ ಮೂವತ್ತಾರು, ಅದನ್ನು 785ರಿಂದ ಗುಣಿಸಿದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪೌಡರ್ ಎಂದರೆ ನಮ್ಮ ಬಾವಿಗೆ 70 ಗ್ರಾಂ. ಬೇಸಿಗೆಯಲ್ಲಿ ನೀರು ಇಳಿದಾಗ ಕಡಿಮೆ, ಮಳೆಗಾಲದಲ್ಲಿ ಏರಿದಾಗ ಹೆಚ್ಚು. ನೀರು ಕದಡಿದ್ದರೆ ಈ ಅಳತೆ ಸಾಲದು, ಕೆಸರೇ ಔಷಧವನ್ನು ತಿಂದುಬಿಡುತ್ತದೆ.

ಪೌಡರನ್ನು ಹಾಗೆಯೇ ಮೇಲಿನಿಂದ ಎರಚಬಾರದು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು, ಅದನ್ನು ಹಗ್ಗದಿಂದ ನೀರಿನೊಳಕ್ಕೆ ಇಳಿಸಿ ಮೇಲೆ ಕೆಳಗೆ ಜಗ್ಗಿ ಬೆರೆಸಬೇಕು. ರಾತ್ರಿ ಎಲ್ಲರೂ ಸೇದಿ ಮುಗಿಸಿದ ಮೇಲೆ ಹಾಕಿದರೆ ಒಳ್ಳೆಯದು, ಕನಿಷ್ಠ ಒಂದು ಗಂಟೆಯಾದರೂ ನೀರು ಮುಟ್ಟಬಾರದು. ಬೆಳಿಗ್ಗೆ ಪರೀಕ್ಷಾ ಪೆಟ್ಟಿಗೆಯ ಹನಿ ಹಾಕಿದಾಗ ನೀರು ತಿಳಿ ಹಳದಿಯಾದರೆ ಔಷಧ ಉಳಿದಿದೆ ಎಂದು ಅರ್ಥ. ಬಣ್ಣ ಬರದಿದ್ದರೆ ಸಾಲಲಿಲ್ಲ, ಅಥವಾ ಪೌಡರ್ ಸತ್ತಿದೆ. ಬಾಯಿ ತೆರೆದಿಟ್ಟ ಚೀಲದ ಪೌಡರ್ ಬೇಗ ಸಾಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಬಿಸಿಲು ತೇವ ತಾಗದ ಕಡೆ ಇಡಬೇಕು.

ಪೌಡರಿನಿಂದ ಆಗದ ಒಂದು ಕೆಲಸವೂ ಇದೆ. ಪಾಯಖಾನೆಯ ಗುಂಡಿ, ತಿಪ್ಪೆ ಬಾವಿಯ ಹತ್ತಿರ ಇದ್ದರೆ ಅವುಗಳಿಂದ ನೈಟ್ರೇಟ್ ಎಂಬ ಲವಣ ನೀರಿಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೌಡರಿನಿಂದ ಹೋಗುವುದಿಲ್ಲ, ಕಾಯಿಸಿದರೆ ನೀರು ಆರಿ ಇನ್ನೂ ಗಟ್ಟಿಯಾಗುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನಕ. ಮೀರಿದ ನೀರಿನಲ್ಲಿ ಪುಡಿ ಹಾಲು ಕಲಸಿ ಕುಡಿಸಿದರೆ ಎಳೆ ಕೂಸಿನ ಮೈ ನೀಲಿಯಾಗುವ ಅಪಾಯವಿದೆ. ನಮ್ಮ ಬಾವಿಗೆ ಹತ್ತಿರದ ಪಾಯಖಾನೆ ಗುಂಡಿ ಅರವತ್ತು ಅಡಿ, ತಿಪ್ಪೆ ಇಪ್ಪತ್ತೈದು ಅಡಿ. ಐವತ್ತು ಅಡಿ ಎಂಬುದು ಪುಸ್ತಕದ ಅಳತೆ, ಅದು ಮಣ್ಣಿಗೆ ಸರಿ. ಕೆಳಗೆ ಬಿರುಕು ಬಿಟ್ಟ ಬಂಡೆ ಇದ್ದರೆ ನೂರು ಅಡಿ ದೂರದ ಕೊಳೆಯೂ ಓಡಿ ಬರಬಹುದು. ಆದ್ದರಿಂದ ತಿಪ್ಪೆ ಈಗಲೇ ಎತ್ತಬೇಕು, ಪಾಯಖಾನೆಯ ವಿಷಯವನ್ನು ನೈಟ್ರೇಟ್ ಪರೀಕ್ಷೆ ನೋಡಿ ತೀರ್ಮಾನಿಸಬೇಕು.

ನಿನ್ನೆ ಒಬ್ಬ ಹಿರಿಯರು ಕೇಳಿದರು, "ತಮ್ಮಾ, ನಮ್ಮ ಅಜ್ಜ ಮುತ್ತಜ್ಜ ಇದೇ ನೀರು ಕುಡಿದು ತೊಂಬತ್ತು ವರ್ಷ ಬದುಕಿದರಲ್ಲ?" ಎಂದು. ಅಜ್ಜ ಬದುಕಿದ್ದು ನಿಜ. ಆದರೆ ಅಜ್ಜಿಗೆ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದವು ಎಂಬುದನ್ನೂ ಮನೆಯಲ್ಲಿ ಕೇಳಿ ನೋಡಬೇಕು. ಉಳಿದವರನ್ನು ನಾವು ನೋಡಿದ್ದೇವೆ, ಹೋದವರನ್ನು ನೋಡಿಲ್ಲ.

ಇವತ್ತು ಸಭೆ ಮೂರು ವಿಷಯ ತೀರ್ಮಾನಿಸಬೇಕು. ಒಂದು, ತಿಪ್ಪೆ ಮತ್ತು ಒಗೆಯುವ ಕಲ್ಲು ಈ ವಾರವೇ ಜಾಗ ಬಿಡುವುದು. ಇದಕ್ಕೆ ಹಣ ಬೇಕಿಲ್ಲ, ಒಪ್ಪಿಗೆ ಬೇಕು. ತಿಪ್ಪೆ ನನ್ನ ಅಣ್ಣನ ಮನೆಯದು, ಆತ ಒಪ್ಪಿದ್ದಾನೆ. ಎರಡು, ಮಳೆಗಾಲ ಮುಗಿಯುವವರೆಗೆ ಪೌಡರ್ ಹಾಕುವವರು ಯಾರು, ಬೆಳಿಗ್ಗೆ ಹನಿ ಹಾಕಿ ನೋಡಿ ಹಲಗೆಯ ಮೇಲೆ ಬರೆಯುವವರು ಯಾರು ಎಂಬ ಪಾಳಿ. ಎಲ್ಲ ಓಣಿಯ ಹೆಸರೂ ಅದರಲ್ಲಿ ಇರಬೇಕು, ಕೆಳಗಿನ ಓಣಿಯದೂ ಇರಬೇಕು. ಕಟ್ಟೆಯ ಕೆಲಸ ಮಳೆ ನಿಂತು ನೀರು ಇಳಿದ ಮೇಲೆ ಹಿಡಿಯೋಣ, ಅಂದಾಜು ಪಟ್ಟಿ ನಾನು ಬರೆದು ಪಂಚಾಯಿತಿಗೆ ಕೊಡುತ್ತೇನೆ.

ಮೂರನೆಯದು ಬಕೆಟ್ಟು. ಗಡಗಡಿ, ಹಗ್ಗ, ಕೊಕ್ಕೆ, ಒಂದು ಬಕೆಟ್ಟು ನಾಳೆಯೇ ತರಬಹುದು, ಅದರ ಖರ್ಚು ದೊಡ್ಡದಲ್ಲ. ಕಷ್ಟ ಇರುವುದು ಅದನ್ನು ಹಿಡಿಯುವುದರಲ್ಲಿ. ನಾಳೆ ಬೆಳಿಗ್ಗೆ ಆರಕ್ಕೆ ಆ ಹಗ್ಗವನ್ನು ಮೊದಲು ಕೆಳಗಿನ ಓಣಿಯ ತಾಯಿಯೊಬ್ಬರು ಸೇದಲಿ, ಅವರ ಹಿಂದೆ ನಮ್ಮ ಮನೆಯವರು ಸೇದುತ್ತಾರೆ. ಅವರ ಹಿಂದೆ ಯಾರ ಯಾರ ಮನೆಯವರು ನಿಲ್ಲುತ್ತಾರೆ ಎಂಬುದನ್ನು ಈಗ ಕೈ ಎತ್ತಿ ಹೇಳಿ.